ಪರಿಚಯವಿಲ್ಲದ ಹಿರಿಯರಿಗೆ ಮೊದಲ ಸಂದೇಶ: ಕೇಳಬೇಕಾದ್ದನ್ನು ಮೂರು ವಾಕ್ಯದಲ್ಲಿ ಹೇಗೆ ಕೇಳಲಿ?

ಸಿಂಚನ, ಮಂಡಗದ್ದೆ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದೇನೆ. ಅಡಿಕೆಯ ಎಲೆಚುಕ್ಕಿ ರೋಗದ ಮೇಲೆ ಒಂದು ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಅದಕ್ಕೆ ಒಬ್ಬ ಸಸ್ಯರೋಗ ವಿಜ್ಞಾನಿಯ ಸಹಾಯ ಬೇಕು. ಅವರು ಈಗ ನಿವೃತ್ತರು. ಅವರಿಗೆ ನನ್ನ ಪರಿಚಯ ಇಲ್ಲ. ಕಳೆದ ವರ್ಷ ಬೆಳೆಗಾರರ ಸಭೆಯೊಂದರಲ್ಲಿ ಅವರ ಮಾತು ಕೇಳಿದ್ದೆ, ಅಷ್ಟೇ. ಇಮೇಲ್ ವಿಳಾಸ ಸಭೆಯ ಕರಪತ್ರದಲ್ಲೇ ಇತ್ತು.

ಒಂದು ಇಮೇಲ್ ಬರೆದಿಟ್ಟು ಹತ್ತು ದಿನ ಆಯ್ತು. ಕಳಿಸಲು ಧೈರ್ಯ ಬರುತ್ತಿಲ್ಲ. ಓದಿದ ಗೆಳತಿ "ಚೆನ್ನಾಗಿದೆ, ಆದ್ರೆ ನಿನಗೆ ಏನು ಬೇಕು ಅಂತ ಗೊತ್ತಾಗಲಿಲ್ಲ" ಅಂದಳು. ಮೂರು ವಾಕ್ಯದಲ್ಲಿ ಹೇಳಲು ಆಗದಿದ್ದರೆ ನಿನಗೇ ಸ್ಪಷ್ಟ ಇಲ್ಲ ಅಂತಲೂ ಹೇಳಿದಳು. ಹೇಗೆ ತಿದ್ದಲಿ? ಬರೆದದ್ದು ಇಲ್ಲಿದೆ:

> ಗೌರವಾನ್ವಿತ ಸರ್,
> ತಮಗೆ ನನ್ನ ನಮಸ್ಕಾರಗಳು. ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಾನು ಬಿಎಸ್ಸಿ ಕೊನೆಯ ವರ್ಷದ ವಿದ್ಯಾರ್ಥಿನಿ. ನನಗೆ ಚಿಕ್ಕಂದಿನಿಂದಲೂ ಗಿಡಮರಗಳೆಂದರೆ ತುಂಬಾ ಆಸಕ್ತಿ. ನಮ್ಮದೂ ಅಡಿಕೆ ತೋಟ ಇದೆ. ಎಲೆಚುಕ್ಕಿ ರೋಗದಿಂದ ಮಲೆನಾಡಿನ ಬೆಳೆಗಾರರು ಕಷ್ಟದಲ್ಲಿರುವುದು ತಮಗೆ ತಿಳಿದೇ ಇದೆ. ಈ ವಿಷಯದಲ್ಲಿ ತಮ್ಮ ಅನುಭವ ಅಪಾರ. ನಾನು ಈ ರೋಗದ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ತಾವು ನನಗೆ ಮಾರ್ಗದರ್ಶನ ಮಾಡಬೇಕೆಂದು ಕೋರುತ್ತೇನೆ. ಸಾಧ್ಯವಾದರೆ ನಮ್ಮ ತೋಟಕ್ಕೆ ಒಮ್ಮೆ ಬಂದು ನೋಡಬಹುದೇ? ಮುಂದೆ ಎಂಎಸ್ಸಿಗೆ ಯಾವ ವಿಷಯ ತೆಗೆದುಕೊಂಡರೆ ಒಳ್ಳೆಯದು ಎಂದೂ ತಿಳಿಸಬೇಕು. ತಮ್ಮ ಅಮೂಲ್ಯ ಸಲಹೆಗಾಗಿ ಕಾಯುತ್ತಿರುತ್ತೇನೆ.

ವಿನಯ್, ವಿನೋಬನಗರ

ತುಂಬಾ ಉದ್ದ ಆಯ್ತು. ಇಷ್ಟನ್ನು ಯಾರೂ ಓದುವುದಿಲ್ಲ. ನಾನು ಮಾರಾಟದ ಕೆಲಸದಲ್ಲಿದ್ದೇನೆ. ದಿನಕ್ಕೆ ಹತ್ತಾರು ಜನ ಅಪರಿಚಿತರಿಗೆ ಸಂದೇಶ ಕಳಿಸುತ್ತೇನೆ. ಚಿಕ್ಕದಾಗಿದ್ದರೆ ಉತ್ತರ ಬರುತ್ತದೆ. ಹೀಗೆ ಮಾಡಿ:

> ಸರ್, ನಾನು ಬಿಎಸ್ಸಿ ವಿದ್ಯಾರ್ಥಿನಿ. ಎಲೆಚುಕ್ಕಿ ರೋಗದ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ದಯವಿಟ್ಟು ಮಾರ್ಗದರ್ಶನ ಮಾಡಿ.

ಮೂರೇ ವಾಕ್ಯ. ಮುಗೀತು.

ರಾಘು, ಹೊಸನಗರ

ತಂಗಿ, ಎಲೆಚುಕ್ಕಿಗೆ ವಿಜ್ಞಾನಿಯನ್ನು ಕಾಯುತ್ತಾ ಕೂರಬೇಡ. ನಮ್ಮ ಕಡೆ 2022ರಲ್ಲಿ ಜೋರಾಗಿ ಬಂದಾಗ ನಾವೂ ಹಾಗೇ ಕಾದು ಕೆಟ್ಟೆವು. ಚುಕ್ಕಿ ಜಾಸ್ತಿ ಇರುವ ಕೆಳಗಿನ ಸೋಗೆ ಕಡಿಸಿ ಸುಟ್ಟುಬಿಡಿ. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುತ್ತೀರಲ್ಲ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಅದನ್ನು ಹೊಡೆಯುವಾಗ ಅಡಿಕೆ ಗೊನೆಗೆ ಮಾತ್ರ ಅಲ್ಲ, ಸೋಗೆಗೂ ತಾಗುವ ಹಾಗೆ ಹೊಡೆಸಿ. ನಿಮ್ಮ ತೋಟ ಎಷ್ಟು ಎಕರೆ?

ಸಿಂಚನ, ಮಂಡಗದ್ದೆ

ರಾಘು ಅಣ್ಣ, ಧನ್ಯವಾದ. ಔಷಧಿ ವಿಷಯ ಅಪ್ಪ ನೋಡಿಕೊಳ್ಳುತ್ತಿದ್ದಾರೆ. ನಾನು ಕೇಳಿದ್ದು ಇಮೇಲ್ ಹೇಗೆ ತಿದ್ದಲಿ ಅಂತ.

ವಿನಯ್ ಅಣ್ಣ, ನಿಮ್ಮದು ಚಿಕ್ಕದಾಗಿದೆ, ಇಷ್ಟವಾಯ್ತು. ಇದನ್ನೇ ಕಳಿಸಲಾ?

ಶಾರದಾ, ಸಾಗರ

ಸಿಂಚನ, ಸ್ವಲ್ಪ ನಿಲ್ಲು. ಕಳಿಸಬೇಡ.

ನಾನು 26 ವರ್ಷ ಕೃಷಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ನಿನ್ನಂಥ ಮಕ್ಕಳ ಪತ್ರ ನನಗೆ ಈಗಲೂ ಬರುತ್ತದೆ. ಓದುವವರ ಕಡೆಯಿಂದ ಹೇಳುತ್ತೇನೆ.

ನಿನ್ನ ಪತ್ರದಲ್ಲಿ ಹನ್ನೆರಡು ವಾಕ್ಯ ಇದೆ. ನಿನಗೇನು ಬೇಕು ಎನ್ನುವುದು ಮೊದಲ ಸಲ ಬರುವುದು ಒಂಬತ್ತನೆಯದರಲ್ಲಿ. ಆಮೇಲೆ ಒಂದರ ಹಿಂದೆ ಒಂದು ಮೂರು ಬೇಡಿಕೆ: ಮಾರ್ಗದರ್ಶನ, ತೋಟಕ್ಕೆ ಭೇಟಿ, ಎಂಎಸ್ಸಿ ವಿಷಯ. ಮೂರೂ ಬೇರೆ ಬೇರೆ ಅಳತೆಯವು. ಒಂದಕ್ಕೆ ವರ್ಷ ಬೇಕು, ಒಂದಕ್ಕೆ ಒಂದು ದಿನ ಬೇಕು, ಇನ್ನೊಂದಕ್ಕೆ ನಿನ್ನನ್ನು ಚೆನ್ನಾಗಿ ತಿಳಿದಿರಬೇಕು. ಇಂಥ ಪತ್ರ ಬಂದಾಗ ನಾನು ಬೇಡ ಅನ್ನುವುದಿಲ್ಲ. "ಸಾವಕಾಶ ಕೂತು ಬರೆಯೋಣ" ಎಂದು ಪಕ್ಕಕ್ಕೆ ಇಡುತ್ತೇನೆ. ಆ ಸಾವಕಾಶ ಬರುವುದೇ ಇಲ್ಲ. ಹುಡುಗಿಯ ಮೇಲೆ ಅಸಡ್ಡೆಯಿಂದ ಅಲ್ಲ. ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದೆ.

ವಿನಯ್ ಅವರು ಉದ್ದ ಕಡಿಮೆ ಮಾಡಿದ್ದು ಸರಿ. ಆದರೆ ಕಷ್ಟ ಹಾಗೇ ಉಳಿಯಿತು. "ಮಾರ್ಗದರ್ಶನ ಮಾಡಿ" ಎಂದು ಓದಿದ ಮೇಲೆ ನಾನು ಎದ್ದು ಎಂತ ಮಾಡಬೇಕು? ಫೋನ್ ಮಾಡಬೇಕಾ, ಪುಸ್ತಕ ಹೇಳಬೇಕಾ, ಪ್ರಾಜೆಕ್ಟ್ ಓದಬೇಕಾ? ಆ ಪದಕ್ಕೆ ಕೊನೆ ಇಲ್ಲ. ಎಷ್ಟು ಕೆಲಸ ಎಂದು ತಿಳಿಯದೆ ಯಾರೂ ಹೂಂ ಅನ್ನುವುದಿಲ್ಲ. ಜೊತೆಗೆ ಆ ಮೂರು ವಾಕ್ಯವನ್ನು ರಾಜ್ಯದ ಯಾವ ವಿದ್ಯಾರ್ಥಿ ಬೇಕಾದರೂ ಬರೆಯಬಹುದು. ಸಿಂಚನ ಮಾತ್ರ ಬರೆಯಬಲ್ಲ ಒಂದು ಪದವೂ ಅದರಲ್ಲಿಲ್ಲ.

ಹಾಗಾಗಿ ಪತ್ರ ಪಕ್ಕಕ್ಕಿಡು. ಮೊದಲು ನನಗೆ ಹೇಳು: ಪ್ರಾಜೆಕ್ಟಿನಲ್ಲಿ ಇಲ್ಲಿಯವರೆಗೆ ಕೈಯಾರೆ ಏನು ಮಾಡಿದ್ದೀಯ? ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀಯ?

ಪ್ರವೀಣ, ಭದ್ರಾವತಿ

ಶಾರದಾ ಮೇಡಂ ಹೇಳಿದ್ದಕ್ಕೆ ನನ್ನದೇ ಕಥೆ ಸಾಕ್ಷಿ. ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಎರಡು ವರ್ಷದ ಹಿಂದೆ ಒಬ್ಬ ಹಿರಿಯರಿಗೆ "ನೀವು ನನ್ನ ಮೆಂಟರ್ ಆಗುತ್ತೀರಾ?" ಎಂದು ಬರೆದೆ. ಅವರು ಅದೇ ದಿನ "ಖಂಡಿತ" ಅಂದರು. ನನಗೆ ಖುಷಿಯೋ ಖುಷಿ. ಆಮೇಲೆ ಮೂರು ತಿಂಗಳು ಇಬ್ಬರೂ ಒಂದು ಮಾತೂ ಆಡಲಿಲ್ಲ. ಅವರು ನಾನು ಕೇಳಲಿ ಎಂದು ಕಾದರು. ನಾನು ಅವರು ಹೇಳಲಿ ಎಂದು ಕಾದೆ.

ಒಂದು ದಿನ "ನನ್ನ ರೆಸ್ಯೂಮೆಯಲ್ಲಿ ಈ ಎರಡು ಪ್ರಾಜೆಕ್ಟಿನಲ್ಲಿ ಒಂದನ್ನು ತೆಗೆಯಬೇಕು, ಯಾವುದು ತೆಗೆಯಲಿ?" ಎಂದು ಕೇಳಿದೆ. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು, ಕಾರಣ ಸಮೇತ. ಉತ್ತರ ಬರದಿದ್ದರೆ ಮಾತ್ರ ಸೋಲು ಅಂದುಕೊಂಡಿದ್ದೆ. ಹೌದು ಎಂಬ ಉತ್ತರ ಬಂದೂ ಏನೂ ಆಗದೇ ಇರಬಹುದು.

ಸಿಂಚನ, ಮಂಡಗದ್ದೆ

ಶಾರದಾ ಮೇಡಂ, ಮಾಡಿದ್ದು ಇಷ್ಟು.

ನಮ್ಮ ತೋಟದಲ್ಲಿ 60 ಮರಕ್ಕೆ ಬಣ್ಣದಿಂದ ನಂಬರ್ ಬರೆದಿದ್ದೇನೆ. ತಿಂಗಳ 1 ಮತ್ತು 16ನೇ ತಾರೀಕು ಎಣಿಸುತ್ತೇನೆ. ಜುಲೈ 1ರಿಂದ ಸೆಪ್ಟೆಂಬರ್ 16ರವರೆಗೆ ಆರು ಸಲ ಎಣಿಸಿ ಆಯ್ತು. ಮಳೆ ಜೋರು ಇದ್ದಾಗ ಒಂದು ದಿನ ಆಚೀಚೆ ಆಗಿದೆ. ಮಾವನ ಬೈನಾಕ್ಯುಲರ್ ಹಿಡಿದು ಪ್ರತಿ ಮರದಲ್ಲಿ ಎಷ್ಟು ಸೋಗೆಗೆ ಚುಕ್ಕಿ ಬಿದ್ದಿದೆ ಎಂದು ನೋಡುತ್ತೇನೆ. ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯುತ್ತೇನೆ.

ಸಿಕ್ಕಿಹಾಕಿಕೊಂಡದ್ದು ಇಲ್ಲಿ. 14ನೇ ನಂಬರ್ ಮರದಲ್ಲಿ ನಾಲ್ಕು ಸೋಗೆಗೆ ಚುಕ್ಕಿ ಇದೆ, ಆದರೆ ಅಲ್ಲೊಂದು ಇಲ್ಲೊಂದು ಅಷ್ಟೇ. ಸೋಗೆ ಹಸಿರಾಗಿದೆ. 37ನೇ ಮರದಲ್ಲೂ ನಾಲ್ಕು ಸೋಗೆ. ಆದರೆ ಅವು ಚುಕ್ಕಿ ಕೂಡಿಕೊಂಡು ಒಣಗಿ ಜೋತುಬಿದ್ದಿವೆ. ನನ್ನ ಪುಸ್ತಕದಲ್ಲಿ ಎರಡಕ್ಕೂ "4" ಎಂದೇ ಇದೆ. ಇದು ಸರಿಯಲ್ಲ ಅನ್ನಿಸುತ್ತಿದೆ. ನಮ್ಮ ಕಾಲೇಜಿನ ಮೇಡಂ ಪಾಚಿಗಳ ಮೇಲೆ ಕೆಲಸ ಮಾಡಿದವರು. ಇದನ್ನು ಸಸ್ಯರೋಗದವರನ್ನೇ ಕೇಳು ಎಂದರು.

ಶಾರದಾ, ಸಾಗರ

ಇದೇ ನಿನ್ನ ಪತ್ರ ಸಿಂಚನ! ಇದರಲ್ಲಿ ಒಂದೂ ನಿನ್ನ ಹನ್ನೆರಡು ವಾಕ್ಯದಲ್ಲಿ ಇರಲಿಲ್ಲ ನೋಡು. "ಚಿಕ್ಕಂದಿನಿಂದ ಆಸಕ್ತಿ" ಎಂದು ಬರೆದಿದ್ದೆ. ಮಳೆಯಲ್ಲಿ ನಿಂತು ಆರು ಸಲ 60 ಮರ ಎಣಿಸಿದವಳಿಗೆ ಆಸಕ್ತಿ ಇದೆ ಎಂದು ಬೇರೆ ಹೇಳಬೇಕಾ?

14 ಮತ್ತು 37ರ ವಿಷಯ ಓದಿದ ಕೂಡಲೇ ಯಾವ ಸಸ್ಯರೋಗದವರಿಗಾದರೂ ಕೈ ತುರಿಸುತ್ತದೆ. ಎಷ್ಟು ಎಲೆಗೆ ರೋಗ ಬಂದಿದೆ ಎನ್ನುವುದು ಒಂದು ಲೆಕ್ಕ. ಬಂದ ಎಲೆಯಲ್ಲಿ ಎಷ್ಟು ಭಾಗ ಹೋಗಿದೆ ಎನ್ನುವುದು ಇನ್ನೊಂದು. ನೀನು ಮೊದಲನೆಯದನ್ನು ಮಾತ್ರ ಇಡುತ್ತಿದ್ದೀಯ, ಎರಡನೆಯದು ತಪ್ಪಿಹೋಗುತ್ತಿದೆ. ಇದಕ್ಕೆ ನಾನೇ ಉತ್ತರ ಹೇಳಬಹುದು. ಆದರೆ ಅಡಿಕೆಯ ಸೋಗೆಗೆ ಹೇಗೆ ಅಂಕ ಕೊಡಬೇಕು ಎಂಬುದು ಅವರ ಕೆಲಸ, ನನ್ನದಲ್ಲ. ನಾನು ಭತ್ತದಲ್ಲಿ ಇದ್ದವಳು. ಅವರನ್ನೇ ಕೇಳು.

ಈಗ ಮೂರು ವಾಕ್ಯ ಬರೆ. ಮೊದಲನೆಯದು: ನೀನು ಯಾರು, ಇಷ್ಟು ಜನ ಇದ್ದಾಗ ಅವರಿಗೇ ಯಾಕೆ ಬರೆದೆ. "ಅಪಾರ ಅನುಭವ" ಬೇಡ. ಅವರ ಯಾವ ಮಾತು ನಿನ್ನ ಕೆಲಸಕ್ಕೆ ತಾಗಿತು ಅದನ್ನು ಹೇಳು. ಎರಡನೆಯದು: ಮಾಡಿದ್ದು ಮತ್ತು ಸಿಕ್ಕಿಕೊಂಡದ್ದು. ಮೂರನೆಯದು: ಅವರು ಏನು ಮಾಡಬೇಕು. ಬರೆಯುವಾಗ ಮೂರನೆಯದರಿಂದ ಶುರು ಮಾಡು. ಅದು ಸಿಕ್ಕಿದರೆ ಮೊದಲಿನ ಎರಡರಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ತಾನಾಗಿ ಗೊತ್ತಾಗುತ್ತದೆ.

ಜಯಲಕ್ಷ್ಮಿ ಟೀಚರ್, ಕೊಪ್ಪ

ನನ್ನದೊಂದು ಆಕ್ಷೇಪ ಇದೆ. ನಮ್ಮ ಕಡೆ ಮನೆಗೆ ಬಂದವರನ್ನು "ಆಸರಿಗೆ ಎಂತ ಬೇಕು?" ಎಂದು ಮೊದಲು ಕೇಳುತ್ತೇವೆ. ಬಂದವರೂ ಮಳೆ, ಬೆಳೆ, ಮಕ್ಕಳು ಅಂತ ಮಾತಾಡಿ ಆಮೇಲೆ ಬಂದ ಕೆಲಸ ಹೇಳುತ್ತಾರೆ. ಪರಿಚಯವೇ ಇಲ್ಲದ ಹಿರಿಯರಿಗೆ ಮೂರು ವಾಕ್ಯ ಬರೆದು ಉತ್ತರ ಕೊಡಿ ಎಂದರೆ ಸಾಲ ವಸೂಲಿಗೆ ಬಂದ ಹಾಗೆ ಆಗುವುದಿಲ್ಲವೇ? ವಯಸ್ಸಾದವರು ಬೇಜಾರು ಮಾಡಿಕೊಳ್ಳುತ್ತಾರೆ.

ಶಾರದಾ, ಸಾಗರ

ಟೀಚರ್, ನಿಮ್ಮ ಮಾತು ತಳ್ಳಿಹಾಕುವುದಿಲ್ಲ. ಆದರೆ ಹಳೇ ಕಾಗದ ನೆನಪು ಮಾಡಿಕೊಳ್ಳಿ. ನಮ್ಮ ಅಪ್ಪಯ್ಯ ಬರೆಯುತ್ತಿದ್ದರು, "ಉಭಯಕುಶಲೋಪರಿ ಸಾಂಪ್ರತ" ಎಂದು. ಒಂದೇ ಸಾಲಿನಲ್ಲಿ ಕ್ಷೇಮ ಮುಗಿಯಿತು, ಸಾಂಪ್ರತ ಎಂದ ಕೂಡಲೇ ವಿಷಯ ಶುರು. ಓದುವವರಿಗೆ ಕಣ್ಣು ಎಲ್ಲಿ ಇಡಬೇಕು ಎಂದು ಗೊತ್ತಿತ್ತು. ಸಿಂಚನ ಕೂಡ "ಸರ್, ನಮಸ್ಕಾರ" ಎಂದು ಬೇರೆ ಸಾಲಿನಲ್ಲಿ ಬರೆಯಲಿ. ಅದು ಮೂರರ ಲೆಕ್ಕಕ್ಕೆ ಸೇರುವುದಿಲ್ಲ.

ಮನೆಗೆ ಬಂದವರ ಮುಖ ಕಾಣುತ್ತದೆ. ಮಾತು ಎಲ್ಲಿಗೆ ಹೋಗುತ್ತಿದೆ ಎಂದು ನಡುವೆ ಕೇಳಬಹುದು. ಫೋನಿನಲ್ಲಿ ಇಮೇಲ್ ತೆರೆಯದೆ ಕಾಣುವುದು ಮೊದಲ ಒಂದೆರಡು ಸಾಲು. ಅಲ್ಲಿ "ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ" ಎಂದು ಕಂಡರೆ ಯಾರೋ ಏನೋ ಮಾರಲು ಬಂದಿದ್ದಾರೆ ಅನ್ನಿಸುತ್ತದೆ, ನಿಜವಾಗಿ.

ಜಯಲಕ್ಷ್ಮಿ ಟೀಚರ್, ಕೊಪ್ಪ

ಸಾಂಪ್ರತದ ಮಾತು ಒಪ್ಪಿದೆ. ನಮಸ್ಕಾರಕ್ಕೆ ಒಂದು ಸಾಲು ಇರಲಿ, ಅಷ್ಟಾದರೆ ಸಾಕು.

ಸಿಂಚನ, ಮಂಡಗದ್ದೆ

ಬರೆದೆ. ನೋಡಿ:

> ಸರ್, ನಮಸ್ಕಾರ.
> ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಓದುತ್ತಿರುವ ಸಿಂಚನ; ಕಳೆದ ವರ್ಷ ಬೆಳೆಗಾರರ ಸಭೆಯಲ್ಲಿ ತಾವು "ಕೆಳಗಿನ ಸೋಗೆಯಿಂದ ಲೆಕ್ಕ ಇಡಿ" ಎಂದದ್ದನ್ನು ಕೇಳಿ ಎಲೆಚುಕ್ಕಿ ರೋಗದ ಮೇಲೆ ಪ್ರಾಜೆಕ್ಟ್ ಶುರು ಮಾಡಿದೆ. ಜುಲೈಯಿಂದ 60 ಮರಗಳಲ್ಲಿ ಚುಕ್ಕಿ ಬಿದ್ದ ಸೋಗೆಗಳನ್ನು ಎಣಿಸುತ್ತಿದ್ದೇನೆ, ಆದರೆ ಸ್ವಲ್ಪ ಚುಕ್ಕಿ ಇರುವ ಸೋಗೆಯೂ ಪೂರ್ತಿ ಒಣಗಿದ ಸೋಗೆಯೂ ಲೆಕ್ಕದಲ್ಲಿ ಒಂದೇ ಆಗುತ್ತಿದೆ. ಈ ಬಗ್ಗೆ ತಮ್ಮ ಅಭಿಪ್ರಾಯ, 60 ಮರ ಸಾಕೇ ಎಂಬುದು ಮತ್ತು ಈ ಮಾಹಿತಿಯನ್ನು ಹೇಗೆ ವಿಶ್ಲೇಷಿಸಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ವಿನಯ್, ವಿನೋಬನಗರ

ಈಗ ನನಗೂ ಅರ್ಥ ಆಯ್ತು, ನನ್ನದರಲ್ಲಿ ಏನು ಕಡಿಮೆ ಇತ್ತು ಅಂತ. ಆದರೂ ಮೊದಲ ವಾಕ್ಯ ಉದ್ದ ಇದೆ. ಕಳಿಸಬಹುದು ಅನ್ನಿಸುತ್ತದೆ.

ಶಾರದಾ, ಸಾಗರ

ಮೊದಲ ಎರಡು ಚೆನ್ನಾಗಿ ಬಂದಿವೆ. ಮೂರನೆಯದರಲ್ಲಿ ಹಳೇ ಅಭ್ಯಾಸ ಮತ್ತೆ ಬಂತು. ಒಂದು ವಾಕ್ಯ ಎಂದುಕೊಂಡು ಮೂರು ಬೇಡಿಕೆಯನ್ನು "ಮತ್ತು" ಹಾಕಿ ಕಟ್ಟಿದ್ದೀಯ.

ಒಂದು ಪರೀಕ್ಷೆ ಮಾಡು. ಮೂರನೇ ವಾಕ್ಯವನ್ನು ಮಾತ್ರ ಮನೆಯಲ್ಲಿ ಯಾರಿಗಾದರೂ ಓದಿ ಹೇಳು. "ಅವರು ಈಗ ಎಂತ ಮಾಡಬೇಕು?" ಎಂದು ಕೇಳು.

ಸಿಂಚನ, ಮಂಡಗದ್ದೆ

ಅಮ್ಮನಿಗೆ ಓದಿದೆ. "ಅವರು ಬರಬೇಕಾ, ಫೋನ್ ಮಾಡಬೇಕಾ, ಬರೆದು ಕಳಿಸಬೇಕಾ, ಎಂತ?" ಎಂದು ಅಮ್ಮ ನನ್ನನ್ನೇ ಕೇಳಿದಳು.

ಶಾರದಾ, ಸಾಗರ

ಸರಿ. ಮೂರರಲ್ಲಿ ಒಂದನ್ನು ಆರಿಸಬೇಕು. ಹೇಗೆ ಆರಿಸುವುದು ಹೇಳುತ್ತೇನೆ.

"ಅಭಿಪ್ರಾಯ ತಿಳಿಸಿ" ಎನ್ನುವುದು ಮಾರ್ಗದರ್ಶನದ ತಮ್ಮ. ಆ ಮಾತು ತೆಗೆದು ಅದರೊಳಗಿನ ನಿಜವಾದ ಪ್ರಶ್ನೆ ಇಡು: ಸೋಗೆಗೆ ಅಂಕ ಕೊಡಬೇಕಾ? "ಹೇಗೆ ವಿಶ್ಲೇಷಿಸಬೇಕು" ಎನ್ನುವುದಕ್ಕೆ ಉತ್ತರ ಒಂದು ಪುಸ್ತಕದಷ್ಟಿದೆ. ಎಣಿಕೆ ಮುಗಿಯುವವರೆಗೆ ಅದರ ಅಗತ್ಯವೂ ನಿನಗಿಲ್ಲ. ಉಳಿದದ್ದು ಎರಡು: 60 ಮರ ಸಾಕಾ, ಅಂಕ ಕೊಡಬೇಕಾ.

60 ಸಾಕಾ ಎಂದು ನನ್ನನ್ನು ಕೇಳಿದರೆ "ಎಂತಕ್ಕೆ ಸಾಕಾ?" ಎಂದು ತಿರುಗಿ ಕೇಳುತ್ತೇನೆ. ಎರಡು ತೋಟ ಹೋಲಿಸುತ್ತೀಯಾ, ಔಷಧಿ ಹೊಡೆದದ್ದು ಮತ್ತು ಹೊಡೆಯದ್ದು ಹೋಲಿಸುತ್ತೀಯಾ, ಒಂದೇ ತೋಟದಲ್ಲಿ ರೋಗ ಏರುವುದನ್ನು ನೋಡುತ್ತೀಯಾ? ಅದರ ಮೇಲೆ ಉತ್ತರ ಬದಲಾಗುತ್ತದೆ. ನಾಲ್ಕು ಸಲ ಪತ್ರ ಹೋಗಿ ಬರಬೇಕಾದ ಪ್ರಶ್ನೆ ಅದು. ಮೊದಲ ಪತ್ರಕ್ಕೆ ಅಲ್ಲ.

ಅಂಕದ ಪ್ರಶ್ನೆ ಹಾಗಲ್ಲ. ಅದಕ್ಕೆ ಬೇಕಾದ ಎಲ್ಲವೂ ನಿನ್ನ ಎರಡನೇ ವಾಕ್ಯದಲ್ಲಿದೆ. ಅವರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲೇ "ಕೊಡಿ" ಅಥವಾ "ಬೇಡ" ಎಂದು ಬರೆಯಬಹುದು. ನಿನ್ನ ಮುಂದಿನ ಎಣಿಕೆ ಅದರ ಮೇಲೆ ನಿಂತಿದೆ. ಅಕ್ಟೋಬರ್ 1ಕ್ಕೆ ಅಲ್ವಾ? ಆ ತಾರೀಕು ಬರೆ. "ಆದಷ್ಟು ಬೇಗ" ಎಂದರೆ ಒತ್ತಾಯ ಮಾಡಿದ ಹಾಗೆ. ತಾರೀಕು ಮತ್ತು ಕಾರಣ ಇದ್ದರೆ ಅವರಿಗೆ ಅದು ಸಹಾಯ.

ಇನ್ನೊಂದು. 14, 37ನೇ ಮರದ ವಿಷಯವನ್ನು "ಸ್ವಲ್ಪ ಚುಕ್ಕಿ, ಪೂರ್ತಿ ಒಣಗಿದ" ಎಂದು ಸಪ್ಪೆ ಮಾಡಿದ್ದೀಯ. ಎರಡೂ "4" ಎಂದು ಬರುತ್ತಿದೆ ಎಂದು ನಮಗೆ ಹೇಳಿದ್ದೆಯಲ್ಲ, ಹಾಗೇ ಹೇಳು.

ಪ್ರವೀಣ, ಭದ್ರಾವತಿ

ಮೇಡಂ, ನನಗೆ ಒಂದು ಅನುಮಾನ. ಎಣಿಕೆ ಶುರುವಾಗಿ ಆರು ಸಲ ಆಗಿದೆ. 60 ಮರವೇ ಸಾಲದು ಎಂದಾದರೆ ಅಂಕ ಕೊಟ್ಟೂ ವ್ಯರ್ಥ ಅಲ್ವಾ? ದೊಡ್ಡ ಪ್ರಶ್ನೆಯನ್ನು ಬಿಟ್ಟು ಸುಲಭದ್ದನ್ನು ಕೇಳಿದಂತೆ ಆಗುವುದಿಲ್ಲವಾ?

ಶಾರದಾ, ಸಾಗರ

ನಿಜವಾದ ಪ್ರಶ್ನೆ ಪ್ರವೀಣ. ಪ್ರಾಜೆಕ್ಟಿಗೆ ಮುಖ್ಯವಾದದ್ದೇ ಮೊದಲ ಪತ್ರಕ್ಕೂ ಸರಿಯಾದದ್ದು ಎಂದು ಹೇಳಲಾರೆ. ಇಲ್ಲಿ ನಾನು ಉತ್ತರ ಬರುವ ಸಾಧ್ಯತೆಯ ಕಡೆ ಹೋಗುತ್ತಿದ್ದೇನೆ. ಅವರು ಅಂಕದ ವಿಷಯಕ್ಕೆ ಉತ್ತರ ಕೊಟ್ಟರೆ, ಎಷ್ಟು ಮರ, ಯಾವ ಸಾಲಿನವು ಎಂದು ಅವರೇ ಕೇಳಬಹುದು. ಕೇಳದಿದ್ದರೆ ಸಿಂಚನ ಎರಡನೇ ಪತ್ರದಲ್ಲಿ ಕೇಳಲಿ. ನಿಮಗೆ ಬೇರೆ ಅನ್ನಿಸಿದರೆ ತಪ್ಪಲ್ಲ.

ಸಿಂಚನ, ಮಂಡಗದ್ದೆ

ಇದು ಮೂರನೇ ಸಲ ಬರೆದದ್ದು. ವಿಷಯದ ಸಾಲನ್ನೂ ಬದಲಿಸಿದೆ. ಮೊದಲು "ಮಾರ್ಗದರ್ಶನಕ್ಕಾಗಿ ವಿನಂತಿ" ಎಂದಿತ್ತು.

> ವಿಷಯ: ಎಲೆಚುಕ್ಕಿ ಎಣಿಕೆ: ಸೋಗೆಯ ಸಂಖ್ಯೆ ಸಾಕೇ, ಅಂಕವೂ ಬೇಕೇ?
>
> ಸರ್, ನಮಸ್ಕಾರ.
> ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಓದುತ್ತಿರುವ ಸಿಂಚನ; ಕಳೆದ ವರ್ಷ ಬೆಳೆಗಾರರ ಸಭೆಯಲ್ಲಿ ತಾವು "ಕೆಳಗಿನ ಸೋಗೆಯಿಂದ ಲೆಕ್ಕ ಇಡಿ" ಎಂದದ್ದನ್ನು ಕೇಳಿ, ಜುಲೈಯಿಂದ ನಮ್ಮ ತೋಟದ 60 ಮರಗಳಲ್ಲಿ ಚುಕ್ಕಿ ಬಿದ್ದ ಸೋಗೆಗಳನ್ನು 15 ದಿನಕ್ಕೊಮ್ಮೆ ಎಣಿಸುತ್ತಿದ್ದೇನೆ. ಆದರೆ ನಾಲ್ಕು ಸೋಗೆಯಲ್ಲಿ ಅಲ್ಲಲ್ಲಿ ಚುಕ್ಕಿ ಇರುವ ಮರವೂ ನಾಲ್ಕು ಸೋಗೆ ಪೂರ್ತಿ ಒಣಗಿದ ಮರವೂ ನನ್ನ ಪುಸ್ತಕದಲ್ಲಿ "4" ಎಂದೇ ಬರುತ್ತಿವೆ. ಅಕ್ಟೋಬರ್ 1ರ ಎಣಿಕೆಯಿಂದ ಪ್ರತಿ ಸೋಗೆಗೂ ರೋಗ ಎಷ್ಟಿದೆ ಎಂದು ಅಂಕ ಕೊಡಬೇಕೇ, ಅಥವಾ ಈಗಿನಂತೆ ಎಣಿಸಿದರೆ ಸಾಕೇ ಎಂದು ಒಂದು ಸಾಲಿನಲ್ಲಿ ತಿಳಿಸುವಿರಾ?

ಅಮ್ಮನಿಗೆ ಮೂರನೇ ವಾಕ್ಯ ಓದಿದೆ. "ಅಂಕ ಕೊಡು ಅಂತಲೋ ಬೇಡ ಅಂತಲೋ ಹೇಳಬೇಕು" ಅಂದಳು.

ಜಯಲಕ್ಷ್ಮಿ ಟೀಚರ್, ಕೊಪ್ಪ

ಮಗಳೇ, ತುಂಬಾ ಚೆನ್ನಾಗಿದೆ. ಮೊದಲ ವಾಕ್ಯ ಮಾತ್ರ ಓದುವಾಗ ಉಸಿರು ಕಟ್ಟುತ್ತದೆ. "ಸಿಂಚನ" ಎಂಬಲ್ಲಿ ಪೂರ್ಣವಿರಾಮ ಹಾಕು. ಆಗ ನಾಲ್ಕು ವಾಕ್ಯ ಆಗುತ್ತದೆ. ಆಗಲಿ. ಮೂರು ಎಂದು ಹೇಳಿಕೊಂಡು ಅರ್ಧವಿರಾಮದಲ್ಲಿ ನಾಲ್ಕನ್ನು ತುರುಕುವುದಕ್ಕಿಂತ ಇದು ಮೇಲು.

ವಿನಯ್, ವಿನೋಬನಗರ

ಟೀಚರ್, ನಾಲ್ಕಕ್ಕೆ ಬಿಟ್ಟರೆ ಐದಾಗುತ್ತದೆ. ಮೂರು ಎಂದು ಗಟ್ಟಿ ಹಿಡಿದಿದ್ದಕ್ಕೇ ಮೂರು ಬೇಡಿಕೆ ಒಂದಾಯಿತು. ನಾನು ಮೂರರ ಪರ. ಕೊನೆಗೆ ಒಂದು ಸೇರಿಸಿ, "ಸಮಯ ಇಲ್ಲದಿದ್ದರೆ ಪರವಾಗಿಲ್ಲ" ಅಂತ. ಒತ್ತಡ ಕಡಿಮೆ ಆಗುತ್ತದೆ.

ಶಾರದಾ, ಸಾಗರ

ಟೀಚರ್ ಹೇಳಿದಂತೆ ಒಡೆದರೂ ನನಗೆ ಒಪ್ಪಿಗೆ, ಒಡೆಯದಿದ್ದರೂ ಒಪ್ಪಿಗೆ. ಕೊನೆಯ ವಾಕ್ಯ ಒಂಟಿಯಾಗಿ, ಪ್ರಶ್ನೆಯಾಗಿ ನಿಂತಿರಲಿ, ಅಷ್ಟೇ ನನ್ನ ಹಠ. ಅದಕ್ಕೇ "ಪರವಾಗಿಲ್ಲ" ಸೇರಿಸುವುದು ಬೇಡ ಎನ್ನುತ್ತೇನೆ. ದೊಡ್ಡ ಸಹಾಯ ಕೇಳುವಾಗ ಅದು ಬೇಕು. ಒಂದು ಸಾಲಿನ ಉತ್ತರ ಕೇಳಿ ಅದಕ್ಕೂ ಪರವಾಗಿಲ್ಲ ಎಂದರೆ, ಓದಿದವರ ಮನಸ್ಸಿನಲ್ಲಿ ಕೊನೆಗೆ ಉಳಿಯುವುದು ಪ್ರಶ್ನೆಯಲ್ಲ, ಪರವಾಗಿಲ್ಲ ಎಂಬ ಮಾತು.

ಪುಸ್ತಕದ ಫೋಟೋ ಈಗ ಲಗತ್ತಿಸಬೇಡ. ಬೇಕಾದರೆ ಅವರೇ ಕೇಳುತ್ತಾರೆ. ಹತ್ತು ದಿನ ಉತ್ತರ ಬರದಿದ್ದರೆ ಅದೇ ಇಮೇಲಿನ ಕೆಳಗೆ ಒಂದು ಸಲ ಮಾತ್ರ ನೆನಪಿಸು. ಎರಡನೇ ಸಲ ಬೇಡ.

ಪ್ರವೀಣ, ಭದ್ರಾವತಿ

ಹತ್ತು ದಿನ ಆದರೆ ಅಕ್ಟೋಬರ್ 1 ಹತ್ತಿರ ಬಂದುಬಿಡುತ್ತದೆ. ಉತ್ತರ ಬರದಿದ್ದರೆ ಆ ದಿನ ಏನು ಮಾಡುವುದು?

ಶಾರದಾ, ಸಾಗರ

ಆ ದಿನ ಹಳೇ ಕ್ರಮದಲ್ಲೇ ಎಣಿಸಲಿ, ಜೊತೆಗೆ ಎಲ್ಲಾ ಮರದ ಫೋಟೋ ತೆಗೆದಿಡಲಿ. ಉತ್ತರ ತಡವಾಗಿ ಬಂದರೂ ಫೋಟೋ ನೋಡಿ ಅಂಕ ಕೊಡಬಹುದು. ಪೂರ್ತಿ ಸರಿ ಬರುವುದಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಆದೀತು.

ಸಿಂಚನ, ಮಂಡಗದ್ದೆ

ಕಳಿಸಿದೆ. ಟೀಚರ್ ಹೇಳಿದ ಹಾಗೆ ಮೊದಲ ವಾಕ್ಯ ಒಡೆದೆ. "ಪರವಾಗಿಲ್ಲ" ಸೇರಿಸಲಿಲ್ಲ.

ರಾಘು, ಹೊಸನಗರ

ಈಗ ಪೂರ್ತಿ ಓದಿದೆ. ಮೊದಲು ಔಷಧಿ ಕೇಳುತ್ತಿದ್ದೀಯ ಅಂದುಕೊಂಡಿದ್ದೆ ತಂಗಿ. ಒಂದು ಮಾತು ಹೇಳುತ್ತೇನೆ. ನಿಮ್ಮ ತೋಟಕ್ಕೆ ಜುಲೈಯಿಂದ ಈಚೆಗೆ ಅಪ್ಪ ಔಷಧಿ ಹೊಡೆಸಿದ್ದಾರಾ? ಕೆಳಗಿನ ಸೋಗೆ ಕಡಿಸಿದ್ದಾರಾ? ಕಡಿಸಿದ್ದರೆ ನಿನ್ನ "4" ಮುಂದಿನ ಸಲ "2" ಆಗುತ್ತದೆ. ರೋಗ ಕಡಿಮೆ ಆಯ್ತು ಅಂತ ಪುಸ್ತಕ ಹೇಳುತ್ತದೆ. ನಿಜವಾಗಿ ಕತ್ತಿ ಆಡಿದ್ದು.

ಸಿಂಚನ, ಮಂಡಗದ್ದೆ

ರಾಘು ಅಣ್ಣ, ಆಗಸ್ಟಿನಲ್ಲಿ ಕೆಲವು ಮರದ ಸೋಗೆ ಕಡಿಸಿದ್ದಾರೆ! ಯಾವ ಮರ ಎಂದು ನಾನು ಬರೆದಿಟ್ಟಿಲ್ಲ. ಇದನ್ನು ಅವರಿಗೆ ಈಗಲೇ ಇನ್ನೊಂದು ಇಮೇಲ್ ಮಾಡಿ ಹೇಳಲಾ?

ಶಾರದಾ, ಸಾಗರ

ರಾಘು, ಇದು ನನಗೆ ಹೊಳೆದಿರಲಿಲ್ಲ. ಬಹಳ ಮುಖ್ಯ ಮಾತು.

ಸಿಂಚನ, ಈಗ ಇನ್ನೊಂದು ಇಮೇಲ್ ಬೇಡ. ಮೊದಲನೆಯದು ಅವರ ಮುಂದೆ ಒಂಟಿಯಾಗಿ ಇರಲಿ. ಅಪ್ಪನ ಜೊತೆ ತೋಟಕ್ಕೆ ಹೋಗಿ ಯಾವ ಯಾವ ಮರದ್ದು ಕಡಿಸಿದರು ಎಂದು ನೆನಪಿದ್ದಷ್ಟು ಬರೆದಿಟ್ಟುಕೋ.

ಸಿಂಚನ, ಮಂಡಗದ್ದೆ

ನಾಲ್ಕನೇ ದಿನ ಉತ್ತರ ಬಂತು! ಅವರ ಅನುಮತಿ ಇಲ್ಲದೆ ಪೂರ್ತಿ ಹಾಕುವುದಿಲ್ಲ. ಹೇಳಿದ್ದು ಇಷ್ಟು: ಅಂಕ ಕೊಡು, ಆದರೆ ಹಳೆಯ ಎಣಿಕೆ ಬಿಡಬೇಡ, ಎರಡಕ್ಕೂ ಬೇರೆ ಬೇರೆ ಕಾಲಂ ಇಡು. ಹಾಗೆ ಮಾಡಿದರೆ ಹಿಂದಿನ ಆರು ಎಣಿಕೆ ಹಾಳಾಗುವುದಿಲ್ಲ. ಕೊನೆಗೆ ಅವರೇ ಒಂದು ಪ್ರಶ್ನೆ ಕೇಳಿದ್ದಾರೆ: ಮರ ಎಷ್ಟು ಎತ್ತರ, ಕೆಳಗೆ ನಿಂತರೆ ಮೇಲಿನ ಸೋಗೆಗಳು ಸರಿಯಾಗಿ ಕಾಣುತ್ತವಾ?

ಈಗ ಏನು ಬರೆಯಲಿ? ಮಾರ್ಗದರ್ಶಕರಾಗಿ ಇರುತ್ತೀರಾ ಎಂದು ಈಗ ಕೇಳಬಹುದಾ?

ವಿನಯ್, ವಿನೋಬನಗರ

ಈಗಲೇ ಕೇಳಿ. ಅವರಿಗೆ ಆಸಕ್ತಿ ಇದೆ ಎಂದು ಗೊತ್ತಾಯಿತಲ್ಲ. ಬಿಸಿ ಇರುವಾಗಲೇ ಕೇಳಬೇಕು.

ಪ್ರವೀಣ, ಭದ್ರಾವತಿ

ನನ್ನ ಅನುಭವದಲ್ಲಿ ಆ ಮಾತು ಕೇಳದಿದ್ದರೂ ನಡೆಯುತ್ತದೆ. ಆ ಹಿರಿಯರು ಈಗ ನನಗೆ ನಿಜವಾಗಿ ಮೆಂಟರ್. ಆದರೆ ಆ "ಖಂಡಿತ" ಎಂಬ ಉತ್ತರದಿಂದ ಆದದ್ದಲ್ಲ, ರೆಸ್ಯೂಮೆಯ ಪ್ರಶ್ನೆಯಿಂದ ಶುರುವಾದದ್ದು.

ಶಾರದಾ, ಸಾಗರ

ಅವರು ಪ್ರಶ್ನೆ ಕೇಳಿದ್ದಾರೆ. ಮೊದಲು ಅದಕ್ಕೆ ಉತ್ತರ ಕೊಡು. ಅದರ ಜೊತೆಗೇ ರಾಘು ಹೇಳಿದ್ದನ್ನು ಹೇಳಲು ಈಗ ಜಾಗ ಸಿಕ್ಕಿತು.

ಸಿಂಚನ, ಮಂಡಗದ್ದೆ

ಹೀಗೆ ಬರೆದಿದ್ದೇನೆ:

> ಸರ್, ಧನ್ಯವಾದ; ಅಕ್ಟೋಬರ್ 1ರಿಂದ ಎರಡು ಕಾಲಂ ಇಡುತ್ತೇನೆ. ಹೆಚ್ಚಿನವು ಎಂಟು ವರ್ಷದ ಮರಗಳು, ತುದಿಯ ಎರಡು ಸೋಗೆ ಕೆಳಗಿನಿಂದ ಸರಿಯಾಗಿ ಕಾಣುವುದಿಲ್ಲ. ಆಗಸ್ಟಿನಲ್ಲಿ 11 ಮರಗಳ ಕೆಳಗಿನ ಸೋಗೆ ಕಡಿಸಿದ್ದು ಈಗ ಗೊತ್ತಾಯಿತು. ಆ 11 ಮರಗಳನ್ನು ಎಣಿಕೆಯಿಂದ ಬಿಡಲೇ, ಅಥವಾ ಗುರುತು ಹಾಕಿ ಮುಂದುವರಿಸಲೇ?

ಶಾರದಾ, ಸಾಗರ

ಕಳಿಸು.

ರಾಘು, ಹೊಸನಗರ

ಅವರು ಗುರುತು ಹಾಕು ಎಂದರೆ ನನಗೂ ಹೇಳು ತಂಗಿ. ನಮ್ಮ ತೋಟದಲ್ಲಿ ಒಂದು ಕಡೆ ಸೋಗೆ ಕಡಿಸಿದ್ದು, ಒಂದು ಕಡೆ ಕಡಿಸದೆ ಬಿಟ್ಟದ್ದು ಇದೆ. ಈ ಸಲ ನಾನೂ ನಂಬರ್ ಬರೆದು ಎಣಿಸುತ್ತೇನೆ.